ಡ್ರೈವರ್ ಬದಲಾದ, ದೂರು ಮುಚ್ಚಿತು: ರಾತ್ರಿ ಪಾಳಿಯ ಒಂದು ಪ್ರಕರಣ

ಬೆಂಗಳೂರಿನ ಒಂದು ಕಂಪನಿಯ ಆಂತರಿಕ ಸಮಿತಿಯಲ್ಲಿ ನಾನು ಹೊರಗಿನ ಸದಸ್ಯೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಪಾಶ್ ಕಾಯ್ದೆ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ಸಮಿತಿ ಇರಲೇಬೇಕು. ಅದರಲ್ಲಿ ಕಂಪನಿಗೆ ಸೇರದ ಒಬ್ಬರು ಇರಬೇಕು. ದೂರು ಕೊಟ್ಟವರು ಯಾರು, ವಿಚಾರಣೆಯಲ್ಲಿ ಏನಾಯಿತು ಎಂದು ಹೊರಗೆ ಹೇಳುವುದನ್ನು ಅದೇ ಕಾಯ್ದೆಯ 16ನೇ ಸೆಕ್ಷನ್ ತಡೆಯುತ್ತದೆ. ಆದರೆ ಸಿಕ್ಕ ನ್ಯಾಯದ ಬಗ್ಗೆ, ಯಾರ ಗುರುತೂ ಸಿಗದ ಹಾಗೆ ಹೇಳಬಹುದು. ಹಾಗಾಗಿ ಇಲ್ಲಿ ಹೆಸರು, ಜಾಗ, ಕೆಲಸದ ವಿವರ ಎಲ್ಲ ಬದಲಾಗಿವೆ. ಸಮಯಗಳನ್ನೂ ಸ್ವಲ್ಪ ಸರಿಸಿದ್ದೇನೆ. ಯಾವುದರ ನಂತರ ಯಾವುದು ನಡೆಯಿತು ಎನ್ನುವುದನ್ನು ಮಾತ್ರ ಮುಟ್ಟಿಲ್ಲ.

ದೂರು ಕೊಟ್ಟವರನ್ನು ಸುಧಾ ಎಂದು ಕರೆಯುತ್ತೇನೆ.

ಹಿನ್ನೆಲೆ

ಸುಧಾಗೆ ಇಪ್ಪತ್ತಾರು ವರ್ಷ. ವಿದೇಶಿ ಗ್ರಾಹಕರ ಫೋನ್ ತೆಗೆದುಕೊಳ್ಳುವ ಕೆಲಸ. ಪಾಳಿ ಸಂಜೆ ಆರೂವರೆಯಿಂದ ಬೆಳಗಿನ ಜಾವ ಮೂರೂವರೆವರೆಗೆ. 3:45ಕ್ಕೆ ಡ್ರಾಪ್ ಕ್ಯಾಬ್ ಹೊರಡುತ್ತದೆ. ಕ್ಯಾಬ್ ಕಂಪನಿಯದ್ದಲ್ಲ, ವೆಂಡರ್‌ನದು. ಮುಂದಿನ ಸೀಟಿನಲ್ಲಿ ಕೂರುವ ಸೆಕ್ಯುರಿಟಿ ಗಾರ್ಡ್ ಮತ್ತೊಂದು ಏಜೆನ್ಸಿಯ ಕಡೆಯವನು. ಅಂದರೆ ಒಂದೇ ಗಾಡಿಯಲ್ಲಿ ಮೂರು ಬೇರೆ ಬೇರೆ ಸಂಸ್ಥೆಯ ಜನ. ಮುಂದೆ ಇದೇ ದೊಡ್ಡ ತಕರಾರಾಯಿತು.

2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಯೊಬ್ಬರನ್ನು, ರಾತ್ರಿ ಪಾಳಿಗೆ ಕರೆದೊಯ್ಯಲು ಬಂದ ಚಾಲಕನೇ ಅತ್ಯಾಚಾರ ಮಾಡಿ ಕೊಂದ. ಇವತ್ತು ಕ್ಯಾಬ್‌ನಲ್ಲಿ ಗಾರ್ಡ್, ಜಿಪಿಎಸ್, ಟ್ರಿಪ್ ಶೀಟ್ ಎಂದು ನಾವು ನೋಡುವ ವ್ಯವಸ್ಥೆಯ ಹಿಂದೆ ಆ ಸಾವಿದೆ. ಕರ್ನಾಟಕದಲ್ಲಿ ರಾತ್ರಿ ಪಾಳಿಗೆ ಅನುಮತಿ ಕೊಡುವಾಗ ಹಾಕುವ ಷರತ್ತುಗಳಲ್ಲಿ ಚಾಲಕನ ಪೂರ್ವಾಪರ ಪರಿಶೀಲನೆ ಇದೆ, ಮಹಿಳೆಯರ ಫೋನ್ ನಂಬರ್ ಸಂಬಂಧವಿಲ್ಲದವರ ಕೈಗೆ ಹೋಗಬಾರದು ಎಂದಿದೆ, ಮಹಿಳೆಯನ್ನು ಮೊದಲು ಹತ್ತಿಸಿಕೊಂಡು ಕೊನೆಗೆ ಇಳಿಸುವ ಹಾಗೆ ರೂಟ್ ಹಾಕಬಾರದು ಎಂದೂ ಇದೆ.

ಸುಧಾ ರೂಟ್‌ನಲ್ಲಿ ಮೊದಲು ನಾಲ್ಕು ಜನ ಇದ್ದರು. ಕೊನೆಗೆ ಇಳಿಯುತ್ತಿದ್ದವರು ಒಬ್ಬ ಪುರುಷ ಸಹೋದ್ಯೋಗಿ. ಅವರು ಮನೆ ಬದಲಾಯಿಸಿ ಬೇರೆ ರೂಟ್‌ಗೆ ಹೋದರು. ರೋಸ್ಟರ್ ಮಾಡುವ ಸಾಫ್ಟ್‌ವೇರ್ ಹೆಸರು ತೆಗೆಯಿತು, ರೂಟ್ ಹಾಗೇ ಉಳಿಯಿತು. ಕೊನೆಯ ಡ್ರಾಪ್ ಸುಧಾ ಆದಳು. ಟ್ರಾನ್ಸ್‌ಪೋರ್ಟ್ ಡೆಸ್ಕಿನವರಿಗೆ ಇದು ಗೊತ್ತಿತ್ತು. ಗಾರ್ಡ್ ಇದ್ದಾನಲ್ಲ, ಸಾಕು ಎಂದುಕೊಂಡರು.

ಶುರುವಾದದ್ದು ಹೇಗೆ

ಚಾಲಕ ಮೊದಲು ತೀರಾ ಮರ್ಯಾದೆಯವನು. "ಮೇಡಂ, ಏಸಿ ಸಾಕಾ?" ಎಂದು ಕೇಳುವವನು. ಸುಧಾ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದಳು. ಕೊನೆಯವಳಾದ ಮೇಲೆ ಒಂದೊಂದೇ ಬದಲಾಯಿತು. ಒಳಗಿನ ಕನ್ನಡಿ ಅವಳ ಮುಖಕ್ಕೆ ತಿರುಗಿತು. ಮದುವೆ ಯಾವಾಗ, ರೂಮಿನಲ್ಲಿ ಯಾರಿದ್ದಾರೆ, ರಜಾ ದಿನ ಏನು ಮಾಡ್ತೀರಾ ಎಂಬ ಪ್ರಶ್ನೆಗಳು ಬಂದವು. ಆಮೇಲೆ ವಾಟ್ಸಾಪ್ ಮೆಸೇಜ್. ನಂಬರ್ ಎಲ್ಲಿ ಸಿಕ್ಕಿತು? ಆ್ಯಪ್‌ನಲ್ಲಿ ನಂಬರ್ ಕಾಣುವುದಿಲ್ಲ. ಆದರೆ ವೆಂಡರ್ ಪ್ರಿಂಟ್ ತೆಗೆದು ಕೊಡುತ್ತಿದ್ದ ಟ್ರಿಪ್ ಶೀಟ್‌ನಲ್ಲಿ ಎಲ್ಲರ ನಂಬರ್ ಇರುತ್ತಿತ್ತು.

"ಮಲಗಿದ್ರಾ?" "ಇವತ್ತು ಯಾಕೋ ಬೇಜಾರಾಗಿದ್ರಿ." "ನಿಮ್ಮ ವಾಯ್ಸ್ ಕೇಳ್ದೆ ನಿದ್ದೆ ಬರಲ್ಲ." ಇಂಥವು. ಸುಧಾ ಮೊದಮೊದಲು "ಓಕೆ ಅಣ್ಣ", "ಗುಡ್ ನೈಟ್ ಅಣ್ಣ" ಎಂದು ಉತ್ತರ ಕೊಟ್ಟಿದ್ದಳು. ಒಂದೆರಡು ಕಡೆ ನಗುಮುಖದ ಚಿತ್ರವೂ ಇತ್ತು. ವಿಚಾರಣೆಯಲ್ಲಿ ಚಾಲಕ ಅದನ್ನೇ ಹಿಡಿದುಕೊಂಡ. ಅದಕ್ಕೆ ಆಮೇಲೆ ಬರುತ್ತೇನೆ.

ಇದೇ ಹೊತ್ತಿಗೆ ಗಾರ್ಡ್ ಕೂಡ ಕೆಲವು ರಾತ್ರಿ ಕಾಣೆಯಾಗುತ್ತಿದ್ದ. ಗೇಟಿನಿಂದ ಕ್ಯಾಬ್ ಹೊರಗೆ ಬಂದು ಮೊದಲ ಜಂಕ್ಷನ್ ಮುಟ್ಟಿದ ಕೂಡಲೇ ಇಳಿದು ವಾಪಸ್ ನಡೆದುಬಿಡುತ್ತಿದ್ದ. ಟ್ರಿಪ್ ಶೀಟ್‌ಗೆ ಮಾರನೇ ದಿನ ಸಹಿ ಹಾಕುತ್ತಿದ್ದ. ಕ್ಯಾಬ್‌ನಲ್ಲಿದ್ದ ಇಬ್ಬರು ಹುಡುಗರಿಗೂ ಇದು ಗೊತ್ತಿತ್ತು. ಅವರಿಗೆ ಅದೊಂದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಅವರು ಹೇಗೂ ಮೊದಲೇ ಇಳಿಯುತ್ತಿದ್ದರಲ್ಲ.

ಒಂದು ಬುಧವಾರ ಬೆಳಗಿನ ಜಾವ ಎರಡನೇ ಹುಡುಗ ಇಳಿದ ಮೇಲೆ ಗಾಡಿ ಮಾಮೂಲಿ ತಿರುವು ಬಿಟ್ಟು ಸರ್ವೀಸ್ ರಸ್ತೆಗೆ ಇಳಿಯಿತು. ಬೀದಿ ದೀಪ ಇಲ್ಲದ ಕಡೆ ನಿಂತಿತು. "ಐದು ನಿಮಿಷ ಮಾತಾಡೋಣ, ಯಾಕೆ ಅವಸರ" ಎಂದು ಚಾಲಕ ಹಿಂದಕ್ಕೆ ತಿರುಗಿ ಕೂತ. ಸುಧಾ ಬಾಗಿಲು ತೆಗೆಯಲು ಹೋದಳು, ಚೈಲ್ಡ್ ಲಾಕ್ ಹಾಕಿತ್ತು. ಅವಳ ಕೈ ಹಿಡಿದುಕೊಂಡ. ಅವಳು ಕಿರುಚಿದಾಗ ಬಿಟ್ಟ. "ತಮಾಷೆಗೆ ಹೇಳ್ದೆ, ಯಾರಿಗೂ ಹೇಳ್ಬೇಡಿ" ಎಂದು ಗಾಡಿ ಹೊರಡಿಸಿದ. ಮನೆ ಮುಟ್ಟುವ ಹೊತ್ತಿಗೆ 4:48. ಎರಡು ನಿಮಿಷಕ್ಕೆ ಕಂಪನಿಯ ಕಂಪ್ಯೂಟರ್ ಕರೆ ಬಂತು: ಸುರಕ್ಷಿತವಾಗಿ ತಲುಪಿದ್ದರೆ ಒಂದು ಒತ್ತಿ. ಅವಳು ಒಂದು ಒತ್ತಿದಳು. ಮನೆ ಒಳಗೆ ಬಂದಿದ್ದಳು, ಬಾಗಿಲು ಹಾಕಿದ್ದಳು, ಕೈ ನಡುಗುತ್ತಿತ್ತು. ಬೇರೆ ಏನು ಒತ್ತಬೇಕಿತ್ತು?

ಮೊದಲ ದೂರು, ಮೊದಲ ತಪ್ಪು ದಾರಿ

ಗುರುವಾರ ಸುಧಾ ತನ್ನ ಟೀಮ್ ಲೀಡ್‌ಗೆ ಹೇಳಿದಳು, ಬಾಯಿಮಾತಲ್ಲಿ. ಅವನು ಕೇಳಿದ ಮೊದಲ ಪ್ರಶ್ನೆ, "ನೀನು ಅವನ ಜೊತೆ ಚಾಟ್ ಮಾಡ್ತಿದ್ಯಾ?" ಎರಡನೆಯದು, "ದೊಡ್ಡದು ಮಾಡ್ಬೇಡ, ನಾನು ಟ್ರಾನ್ಸ್‌ಪೋರ್ಟ್‌ಗೆ ಹೇಳ್ತೀನಿ." ಅವನು ಟ್ರಾನ್ಸ್‌ಪೋರ್ಟ್ ಡೆಸ್ಕ್‌ಗೆ ಒಂದು ಟಿಕೆಟ್, ಅಂದರೆ ಕಂಪ್ಯೂಟರ್‌ನಲ್ಲಿ ನಮೂದಾಗುವ ದೂರು, ಹಾಕಿದ. ಅದರಲ್ಲಿ ಬರೆದದ್ದು ಇಷ್ಟೇ: ಚಾಲಕನ ವರ್ತನೆ ಸರಿಯಿಲ್ಲ, ಬದಲಾಯಿಸಿ. ಶುಕ್ರವಾರ ಸಂಜೆ ಉತ್ತರ ಬಂತು, ಚಾಲಕನನ್ನು ಬದಲಾಯಿಸಲಾಗಿದೆ. ಟಿಕೆಟ್ ಮುಚ್ಚಿತು.

ಇಂಥ ಪ್ರಕರಣಗಳಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ. ಟ್ರಾನ್ಸ್‌ಪೋರ್ಟ್ ಡೆಸ್ಕ್‌ನ ಕೆಲಸ ಗಾಡಿ ಓಡಿಸುವುದು. ಕ್ಯಾಬ್ ಲೇಟ್, ಏಸಿ ಕೆಟ್ಟಿದೆ, ಚಾಲಕ ಒರಟು, ಎಲ್ಲವೂ ಅವರಿಗೆ ಒಂದೇ ನಮೂನೆಯ ಟಿಕೆಟ್. ಅವರು ಚಾಲಕನನ್ನು ಬೇರೆ ರೂಟ್‌ಗೆ ಹಾಕುತ್ತಾರೆ. ಆ ರೂಟ್‌ನಲ್ಲೂ ಹೆಣ್ಣುಮಕ್ಕಳಿರುತ್ತಾರೆ. ದೂರು ಬಗೆಹರಿದ ಹಾಗೆ ಕಾಣುತ್ತದೆ, ಯಾರೂ ವಿಚಾರಣೆ ಮಾಡಿರುವುದಿಲ್ಲ. ಇನ್ನೊಂದು ಕಡೆ ಸಾಕ್ಷಿ ಅಳಿಸಿಹೋಗುತ್ತಿರುತ್ತದೆ. ಈ ಕ್ಯಾಬ್‌ನ ಒಳಗಿನ ಕ್ಯಾಮೆರಾ ಸುಮಾರು ಒಂದು ವಾರದ ದೃಶ್ಯ ಮಾತ್ರ ಇಟ್ಟುಕೊಳ್ಳುತ್ತಿತ್ತು, ಆಮೇಲೆ ಅದರ ಮೇಲೇ ಹೊಸದು ಬರೆಯುತ್ತಿತ್ತು. ಕ್ಯಾಬ್ ಹತ್ತುವ ಜಾಗದ ಸಿಸಿಟಿವಿ ಹದಿನೈದು ದಿನದ್ದು. ಕಾಯ್ದೆ ದೂರು ಕೊಡಲು ಮೂರು ತಿಂಗಳು ಕೊಡುತ್ತದೆ. ಕ್ಯಾಮೆರಾ ಅಷ್ಟು ದಿನ ಕಾಯುವುದಿಲ್ಲ.

ಗುರುವಾರ ರಾತ್ರಿಯೇ ಸುಧಾ ಚಾಲಕನಿಗೆ ಒಂದು ಮೆಸೇಜ್ ಕಳಿಸಿದ್ದಳು. ಅವಳ ರೂಮ್‌ಮೇಟ್ ಕೂತು ಬರೆಸಿದ್ದು: "ನನಗೆ ಫೋನ್ ಮಾಡಬೇಡಿ, ಮೆಸೇಜ್ ಮಾಡಬೇಡಿ. ನಿಮ್ಮ ಜೊತೆ ಮಾತಾಡಲು ನನಗೆ ಇಷ್ಟವಿಲ್ಲ." ಎರಡು ನೀಲಿ ಗೆರೆ ಬಂದ ಮೇಲೆ ಬ್ಲಾಕ್ ಮಾಡಿದಳು. ಅಸಹ್ಯ ತಡೆಯಲಾರದೆ ಹಳೆಯ ಚಾಟ್ ಅಳಿಸಲು ಶುರು ಮಾಡಿದಳು. ಅರ್ಧ ಅಳಿಸಿದ ಮೇಲೆ ರೂಮ್‌ಮೇಟ್ ತಡೆದಳು. ಈ ಒಂದು ಮೆಸೇಜ್‌ನ ಬೆಲೆ ಏನು ಎಂದು ಪೊಲೀಸ್ ಠಾಣೆಗೆ ಹೋದಾಗ ಗೊತ್ತಾಯಿತು.

ಬ್ಲಾಕ್ ಮಾಡಿದ ಮೇಲೆ ಬೇರೆ ಎರಡು ನಂಬರ್‌ನಿಂದ ಕರೆಗಳು ಬಂದವು. ಮುಂದಿನ ವಾರದ ಶನಿವಾರ ಅವನು ಅವಳ ಮನೆ ಬೀದಿಯ ತುದಿಯಲ್ಲಿ ಬೈಕ್ ನಿಲ್ಲಿಸಿಕೊಂಡು ನಿಂತಿದ್ದ. ವಾರಗಟ್ಟಲೆ ಮನೆ ಬಾಗಿಲಿಗೆ ಬಿಟ್ಟವನಿಗೆ ವಿಳಾಸ ಗೊತ್ತಿರದೆ ಇರುತ್ತಾ?

ದಿಕ್ಕು ಬದಲಾದದ್ದು

ಸೋಮವಾರ ಬೇರೆ ಟೀಮಿನ ಒಬ್ಬ ಹಿರಿಯ ಸಹೋದ್ಯೋಗಿ ಅವಳ ಮುಖ ನೋಡಿ ಕೇಳಿದರು. ಆ ಅಕ್ಕ ಸಮಾಧಾನ ಹೇಳುವುದರ ಜೊತೆಗೆ ಎರಡು ಕೆಲಸ ಮಾಡಿಸಿದರು. ಮೊದಲು ಒಂದು ಹಾಳೆ ಕೊಟ್ಟು ನಡೆದದ್ದನ್ನೆಲ್ಲ ದಿನಾಂಕ ಹಾಕಿ ಬರೆಸಿದರು. ಆಮೇಲೆ ನೋಟಿಸ್ ಬೋರ್ಡಿನಲ್ಲಿದ್ದ ಆಂತರಿಕ ಸಮಿತಿಯ ಮೇಲ್ ವಿಳಾಸ ಕೊಟ್ಟರು.

ಬರೆಯುವಾಗ ಒಂದು ತೊಡಕು ಬಂತು. ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ಎಲ್ಲರೂ ಇದನ್ನು ಗಮನಿಸಬೇಕು. ಘಟನೆ ನಡೆದದ್ದು ಬುಧವಾರ ಬೆಳಗಿನ ಜಾವ. ಆದರೆ ಪಾಳಿ ಮಂಗಳವಾರ ಸಂಜೆ ಶುರುವಾದದ್ದು. ರೋಸ್ಟರ್, ಟ್ರಿಪ್ ಶೀಟ್, ಗಾರ್ಡ್ ರಿಜಿಸ್ಟರ್ ಎಲ್ಲದರಲ್ಲೂ ದಿನಾಂಕ ಮಂಗಳವಾರದ್ದು. ಜಿಪಿಎಸ್ ಮತ್ತು ಸಿಸಿಟಿವಿಯಲ್ಲಿ ಬುಧವಾರ. ಸುಮ್ನೆ ಬುಧವಾರ ಎಂದು ಬರೆದರೆ ವೆಂಡರ್ ಬುಧವಾರ ರಾತ್ರಿಯ ಟ್ರಿಪ್ ಶೀಟ್ ತಂದು, ಅವತ್ತು ಈ ಚಾಲಕ ಆ ರೂಟ್‌ನಲ್ಲೇ ಇರಲಿಲ್ಲ ಎಂದು ತೋರಿಸಬಹುದು. ಇನ್ನೊಂದು ಪ್ರಕರಣದಲ್ಲಿ ಹಾಗೇ ಆಗಿ ಒಂದು ಇಡೀ ಬೈಠಕ್ ಹಾಳಾಗಿತ್ತು. ಸುಧಾ ಹೀಗೆ ಬರೆದಳು: "ಮಂಗಳವಾರದ ಪಾಳಿ, ಬುಧವಾರ ಬೆಳಗಿನ ಜಾವ ಸುಮಾರು 4:20." ಜೊತೆಗೆ ಗಾಡಿ ನಂಬರ್, ಆ್ಯಪ್‌ನಲ್ಲಿದ್ದ ಟ್ರಿಪ್ ಸಂಖ್ಯೆ, ಕ್ಯಾಬ್‌ನಲ್ಲಿದ್ದ ಇನ್ನಿಬ್ಬರ ಹೆಸರು. ಚಾಲಕ ಆಡಿದ ಮಾತುಗಳನ್ನು ಅವನು ಆಡಿದ ಹಾಗೇ ಬರೆದಳು. "ಅಸಭ್ಯವಾಗಿ ಮಾತಾಡಿದ" ಎಂದು ಬರೆದರೆ ಅದು ಅವಳ ತೀರ್ಮಾನ ಅಷ್ಟೇ. "ನಿಮ್ಮ ವಾಯ್ಸ್ ಕೇಳ್ದೆ ನಿದ್ದೆ ಬರಲ್ಲ" ಎಂದು ಬರೆದರೆ ಓದುವವರೇ ತೀರ್ಮಾನ ಮಾಡುತ್ತಾರೆ.

ಅವತ್ತು ಸಂಜೆ ಸಮಿತಿಗೆ ಬಂದ ಮೇಲ್‌ನ ಕೊನೆಯ ಭಾಗ ಹೀಗಿತ್ತು:

"ಈ ಕೆಳಗಿನವು ಕಂಪನಿ ಮತ್ತು ವೆಂಡರ್ ಬಳಿ ಇವೆ. ಅಳಿಸಿಹೋಗುವ ಮೊದಲು ತೆಗೆದಿಡಲು ಇವತ್ತೇ ಸೂಚನೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಆ ಟ್ರಿಪ್‌ನ ಜಿಪಿಎಸ್ ದಾಖಲೆ, ಗಾಡಿ ನಿಂತ ಜಾಗ ಮತ್ತು ಸಮಯದ ಸಮೇತ. ಟ್ರಿಪ್ ಶೀಟ್‌ನ ಮೂಲ ಪ್ರತಿ. ಗಾರ್ಡ್ ಹಾಜರಿ ಮತ್ತು ಕಾರ್ಡ್ ಸ್ವೈಪ್ ದಾಖಲೆ. ಕ್ಯಾಬ್ ಹತ್ತುವ ಜಾಗದ ಸಿಸಿಟಿವಿ. ಕ್ಯಾಬ್ ಒಳಗಿನ ಕ್ಯಾಮೆರಾ. ಶುಕ್ರವಾರ ಮುಚ್ಚಿದ ಟಿಕೆಟ್. ಈ ಮೇಲ್ ತಲುಪಿದೆ ಎಂದು ಉತ್ತರ ಕೊಡಿ."

ಪ್ರಕರಣ ನಿಂತದ್ದು ಈ ಭಾಗದಿಂದ. ಇಂಥ ದಾಖಲೆ ಇದೆ ಎಂದು ಹೆಸರು ಹಿಡಿದು, ಬರಹದಲ್ಲಿ ಕೇಳಿದ ಮೇಲೆ ಅದು ಕಳೆದುಹೋದರೆ ಕಂಪನಿ ಉತ್ತರ ಹೇಳಬೇಕಾಗುತ್ತದೆ. ಮೇಲ್‌ನ ಒಂದು ಪ್ರತಿಯನ್ನು ಸುಧಾ ತನ್ನ ಬಳಿಯೂ ಇಟ್ಟುಕೊಂಡಳು. ಆಫೀಸ್ ಮೇಲ್ ಒಂದು ದಿನ ಬಂದ್ ಆದರೆ ಕಳಿಸಿದ್ದಕ್ಕೆ ಪುರಾವೆ ಇರುವುದಿಲ್ಲ, ಅಲ್ವಾ?

ನಿಯಮದ ಪ್ರಕಾರ ದೂರಿನ ಆರು ಪ್ರತಿ ಕೊಡಬೇಕು, ಸಾಕ್ಷಿಗಳ ಹೆಸರು ವಿಳಾಸ ಸಮೇತ. ಇದನ್ನು ನೋಡಿಯೇ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಆದರೆ ದೂರನ್ನು ಬರಹಕ್ಕೆ ಇಳಿಸಲು ನೆರವಾಗುವುದು ಸಮಿತಿಯ ಕರ್ತವ್ಯ ಎಂದು ಅದೇ ಕಾಯ್ದೆ ಹೇಳುತ್ತದೆ. ಮೇಲ್ ಬಂದ ಮಾರನೇ ದಿನ ಅಧ್ಯಕ್ಷೆ ಅವಳನ್ನು ಕೂರಿಸಿಕೊಂಡು ದೂರು ಸಿದ್ಧ ಮಾಡಿಸಿದರು.

ಸಮಿತಿಯ ಮುಂದೆ

ಮೊದಲ ಬೈಠಕ್‌ನಲ್ಲೇ ಎಚ್‌ಆರ್ ಕಡೆಯಿಂದ ಮಾತು ಬಂತು: ಚಾಲಕ ನಮ್ಮ ನೌಕರನಲ್ಲ, ವೆಂಡರ್‌ಗೆ ಬರೆದು ಕೈ ತೊಳೆದುಕೊಳ್ಳೋಣ. ನಾನು ಕಾಯ್ದೆಯ ಪುಸ್ತಕ ತೆಗೆದು ಓದಿದೆ. ಕೆಲಸದ ಸ್ಥಳ ಎಂದರೆ ಮಾಲೀಕರು ಒದಗಿಸುವ ಸಾರಿಗೆಯೂ ಸೇರಿದೆ. ಯಾರ ಮೇಲೆ ದೂರು ಬಂದಿದೆಯೋ ಅವರು ಇದೇ ಕಂಪನಿಯ ನೌಕರರಾಗಿರಬೇಕು ಎಂದು ಎಲ್ಲೂ ಇಲ್ಲ. ಹೊರಗಿನವರಿಂದ ರಕ್ಷಣೆ ಕೊಡುವುದು ಮಾಲೀಕರ ಕರ್ತವ್ಯಗಳಲ್ಲೇ ಒಂದು. ಚಾಲಕನ ಸಂಬಳ ಕತ್ತರಿಸುವ ಅಧಿಕಾರ ನಮ್ಮ ಕಂಪನಿಗೆ ಇಲ್ಲದಿರಬಹುದು, ವೆಂಡರ್ ಜೊತೆಗಿನ ಒಪ್ಪಂದ ಕಂಪನಿಯ ಕೈಯಲ್ಲೇ ಇದೆ. ವಿಚಾರಣೆ ಶುರುವಾಯಿತು.

ದಾಖಲೆಗಳು ಬಂದವು. ಕ್ಯಾಬ್ ಒಳಗಿನ ಕ್ಯಾಮೆರಾ ದೃಶ್ಯ ಹೋಗಿತ್ತು. ಮೊದಲ ಟಿಕೆಟ್ ಹಾಕಿದ ದಿನವೇ ಸಮಿತಿಗೆ ಬಂದಿದ್ದರೆ ಸಿಗುತ್ತಿತ್ತು. ಉಳಿದವು ಸಿಕ್ಕವು. ಜಿಪಿಎಸ್ ಪ್ರಕಾರ ಗಾಡಿ ಆ ಸರ್ವೀಸ್ ರಸ್ತೆಯಲ್ಲಿ 4:22ರಿಂದ 4:33ರವರೆಗೆ ನಿಂತಿತ್ತು. ಗಾಡಿ ಬಿಸಿಯಾಗಿತ್ತು, ಎಂಜಿನ್ ಆಫ್ ಮಾಡಿ ತಣ್ಣಗಾಗಲು ಬಿಟ್ಟಿದ್ದೆ ಎಂದ ಚಾಲಕ. ಆದರೆ ಗಾಡಿಗೆ ಹಾಕುವ ಟ್ರ್ಯಾಕರ್ ಜಾಗವನ್ನಷ್ಟೇ ಅಲ್ಲ, ಇಗ್ನಿಷನ್ ಆನ್ ಇತ್ತೋ ಆಫ್ ಇತ್ತೋ ಎಂಬುದನ್ನೂ ಬರೆದಿಡುತ್ತದೆ. ಹನ್ನೊಂದು ನಿಮಿಷವೂ ಇಗ್ನಿಷನ್ ಆನ್ ಇತ್ತು.

ಗಾರ್ಡ್ ತಾನು ಕೊನೆಯ ಡ್ರಾಪ್‌ವರೆಗೂ ಇದ್ದೆ, ಏನೂ ನಡೆಯಲಿಲ್ಲ ಎಂದು ಹೇಳಿಕೆ ಕೊಟ್ಟ. ಟ್ರಿಪ್ ಶೀಟ್‌ನಲ್ಲಿ ಅವನ ಸಹಿಯೂ ಇತ್ತು. ಕಾರ್ಡ್ ಸ್ವೈಪ್ ದಾಖಲೆ ಬೇರೆಯೇ ಹೇಳಿತು. 4:02ಕ್ಕೆ ಅವನು ಆಫೀಸಿನ ಗಾರ್ಡ್ ರೂಮಿಗೆ ಸ್ವೈಪ್ ಮಾಡಿ ಒಳಗೆ ಹೋಗಿದ್ದ. ಸ್ವೈಪ್ ಹಾಳೆ ಮುಂದಿಟ್ಟಾಗ ಅವನು ಒಪ್ಪಿಕೊಂಡ. ಚಾಲಕ ಕೇಳಿಕೊಂಡಿದ್ದ, ಅದಕ್ಕೆ ಇಳಿಯುತ್ತಿದ್ದೆ ಎಂದ. ಕ್ಯಾಬ್‌ನಲ್ಲಿದ್ದ ಹುಡುಗರಲ್ಲಿ ಒಬ್ಬ ಗಾರ್ಡ್ ಇಳಿದದ್ದನ್ನು ಬರೆದುಕೊಟ್ಟ. ಇನ್ನೊಬ್ಬ ನೆನಪಿಲ್ಲ ಎಂದ.

ಇನ್ನು ಆ "ಓಕೆ ಅಣ್ಣ" ಮೆಸೇಜ್‌ಗಳು. ಅವರೂ ಮಾತಾಡ್ತಿದ್ರು, ನಾನೊಬ್ಬನೇ ಅಲ್ಲ ಎಂದ ಚಾಲಕ. ಸಮಿತಿಯ ಒಬ್ಬ ಸದಸ್ಯರಿಗೂ ಇದು ಗೊಂದಲ ತಂದಿತು. ನನ್ನ ಅಭಿಪ್ರಾಯ ಅಲ್ಲಿ ಸ್ಪಷ್ಟವಾಗಿ ಹೇಳಿದೆ, ಇಲ್ಲೂ ಹೇಳುತ್ತೇನೆ. ಮಾರನೇ ರಾತ್ರಿ ಮತ್ತೆ ಅದೇ ಗಾಡಿಯಲ್ಲಿ, ಅದೇ ಹೊತ್ತಿನಲ್ಲಿ, ಒಬ್ಬಳೇ ಕೂತು ಹೋಗಬೇಕಾದ ಹೆಣ್ಣುಮಗಳು ಸ್ಟಿಯರಿಂಗ್ ಹಿಡಿದವನನ್ನು ಎದುರು ಹಾಕಿಕೊಳ್ಳುವುದಿಲ್ಲ. ಅಣ್ಣ ಎಂದು ಕರೆದು ಸಂಬಂಧಕ್ಕೆ ಒಂದು ಗೆರೆ ಹಾಕಲು ನೋಡುತ್ತಾಳೆ. ಚಾಟ್ ಓದುವಾಗ ಯಾರು ಮೊದಲು ಮೆಸೇಜ್ ಮಾಡಿದರು, ಎಷ್ಟು ಹೊತ್ತಿಗೆ, ಉತ್ತರ ಎಷ್ಟು ಚಿಕ್ಕದು ಎಂದು ನೋಡಬೇಕು. ಪ್ರತಿ ಬಾರಿಯೂ ಶುರು ಮಾಡಿದ್ದು ಅವನು. ಅವಳ ಒಂದು ಉತ್ತರವೂ ಮೂರು ಪದ ದಾಟಿರಲಿಲ್ಲ.

ಅಳಿಸಿದ ಚಾಟ್‌ಗೆ ಏನು ಮಾಡುವುದು? ಆಗ ಒದಗಿದ್ದು ರೂಮ್‌ಮೇಟ್‌ನ ಫೋನ್. ಸುಧಾ ಆಗಾಗ ಸ್ಕ್ರೀನ್‌ಶಾಟ್ ಕಳಿಸಿ "ನೋಡೇ ಇವನು ಏನ್ ಕಳಿಸಿದ್ದಾನೆ" ಎಂದು ಬರೆದಿದ್ದಳು. ಘಟನೆಯ ಬೆಳಗಿನ ಜಾವ ರೂಮ್‌ಮೇಟ್ ಊರಿಗೆ ಹೋಗಿದ್ದಳು. 4:55ಕ್ಕೆ ಸುಧಾ ಅವಳಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದಳು, ಅಳುತ್ತಾ. ಕೈ ಹಿಡಿದದ್ದು, ಲಾಕ್ ಹಾಕಿದ್ದು, ಎಲ್ಲ ಅದರಲ್ಲಿತ್ತು. ಆಮೇಲೆ ಕಟ್ಟಿದ ಕಥೆ ಎನ್ನುವ ವಾದ ಅಲ್ಲಿಗೆ ನಿಂತಿತು. ಒಂದು ಒತ್ತಿದ್ದರ ಬಗ್ಗೆ ಕೇಳಿದವರಿಗೂ ಅದೇ ಉತ್ತರವಾಯಿತು: ಕಂಪ್ಯೂಟರ್ ಕರೆಗೆ ಒಂದು ಒತ್ತಿದ ಐದು ನಿಮಿಷಕ್ಕೆ ಅವಳು ನಿಜವಾಗಿ ಹೇಗಿದ್ದಳು ಎಂಬುದು ಅಲ್ಲಿ ಕೇಳುತ್ತಿತ್ತು. ನಡೆದ ಕೂಡಲೇ ನಂಬುವ ಒಬ್ಬರಿಗೆ ಬರೆಯುವುದು, ಹೇಳುವುದು ಎಷ್ಟು ದೊಡ್ಡ ಸಾಕ್ಷಿ ಎಂದು ಬಹಳ ಜನರಿಗೆ ಗೊತ್ತಿಲ್ಲ.

ವಿಚಾರಣೆ ನಡೆಯುವಾಗ ಅವಳ ಕೆಲಸ

ವಿಚಾರಣೆ ಮುಗಿಸಲು ಕಾಯ್ದೆ 90 ದಿನ ಕೊಡುತ್ತದೆ. ಅಷ್ಟು ದಿನ ದೂರು ಕೊಟ್ಟವಳು ಏನು ಮಾಡಬೇಕು? ಕಂಪನಿ ಮೊದಲ ದಿನವೇ ಅವಳನ್ನು ಹಗಲು ಪಾಳಿಗೆ ಹಾಕಲು ಹೊರಟಿತು. ಒಳ್ಳೆಯ ಉದ್ದೇಶವೇ ಇರಬಹುದು. ಆದರೆ ಹಗಲು ಪಾಳಿಗೆ ಬಂದರೆ ರಾತ್ರಿ ಭತ್ಯೆ ಹೋಗುತ್ತದೆ. ಆ ಹಣದಲ್ಲೇ ಅವಳು ಊರಿಗೆ ತಮ್ಮನ ಫೀಸ್ ಕಳಿಸುತ್ತಿದ್ದಳು. ತಪ್ಪು ಮಾಡಿದವನು ಬೇರೆ ರೂಟ್‌ನಲ್ಲಿ ಸಂಬಳ ತಗೊಳ್ತಾನೆ, ನನ್ನ ದುಡ್ಡು ಯಾಕೆ ಕಡಿಮೆ ಆಗಬೇಕು ಎಂದು ಕೇಳಿದಳು. ಸರಿಯಾದ ಪ್ರಶ್ನೆ.

ಮಧ್ಯಂತರ ಪರಿಹಾರ ಸಿಗುವುದು ದೂರು ಕೊಟ್ಟವಳು ಬರಹದಲ್ಲಿ ಕೇಳಿದಾಗ. ವರ್ಗಾವಣೆ ಕೇಳಬಹುದು, ಮೂರು ತಿಂಗಳವರೆಗೆ ರಜೆ ಕೇಳಬಹುದು. ಆ ರಜೆ ಅವಳ ಸ್ವಂತ ರಜೆಯಿಂದ ಕಳೆಯುವಂತಿಲ್ಲ. ಅವಳು ಕೇಳದ್ದನ್ನು ಅವಳ ಮೇಲೆ ಹೇರುವುದು ಪರಿಹಾರವಾಗುವುದಿಲ್ಲ. ಸುಧಾ ಬೇರೆಯದೇ ಕೇಳಿದಳು: ಅದೇ ಪಾಳಿ, ಬೇರೆ ವೆಂಡರ್‌ನ ಗಾಡಿ, ತನ್ನ ನಂತರ ಇಳಿಯುವ ಒಬ್ಬ ಸಹೋದ್ಯೋಗಿ, ಟೀಮ್ ಲೀಡ್ ಬದಲಾವಣೆ. ಸಮಿತಿ ನಾಲ್ಕನ್ನೂ ಶಿಫಾರಸು ಮಾಡಿತು. ಟೀಮ್ ಲೀಡ್ ಬದಲಾವಣೆಗೆ ಮಾತ್ರ ಕಂಪನಿ ತಡ ಮಾಡಿತು. ಆ ನಡುವೆ ಅವಳ ತಿಂಗಳ ರೇಟಿಂಗ್ ಇಳಿಯಿತು. ಅದನ್ನೂ ಅವಳು ಹಿಂದಿನ ಆರು ತಿಂಗಳ ರೇಟಿಂಗ್ ಜೊತೆ ಸೇರಿಸಿ ಸಮಿತಿಗೆ ಕಳಿಸಿದಳು. ರೇಟಿಂಗ್ ಇನ್ನೊಬ್ಬರ ಕೈಯಿಂದ ಮರುಪರಿಶೀಲನೆಯಾಯಿತು.

ಪೊಲೀಸ್ ಠಾಣೆ

ಸಮಿತಿಗೆ ಕೊಟ್ಟ ಮೇಲೆ ಪೊಲೀಸ್‌ಗೆ ಹೋಗುವಂತಿಲ್ಲ ಎಂದು ಅವಳಿಗೆ ಯಾರೋ ಹೇಳಿದ್ದರು. ತಪ್ಪು. ಎರಡೂ ಒಟ್ಟಿಗೆ ನಡೆಯಬಹುದು, ಒಂದು ಇನ್ನೊಂದಕ್ಕೆ ಕಾಯಬೇಕಿಲ್ಲ. ಅವಳು ಬಯಸಿದರೆ ಪೊಲೀಸ್ ದೂರಿಗೆ ಕಂಪನಿ ನೆರವು ಕೊಡಲೇಬೇಕು. ಮನೆಯಲ್ಲಿ ಅಮ್ಮ ಬೇಡ ಎನ್ನುತ್ತಿದ್ದರು, ಹಾಗಾಗಿ ಮೊದಲು ಅವಳಿಗೆ ಮನಸ್ಸಿರಲಿಲ್ಲ. ಅವನು ಎರಡನೇ ಸಲ ಮನೆ ಹತ್ತಿರ ಬಂದ ಮೇಲೆ ಅಮ್ಮನೇ ಊರಿಂದ ಬಂದು ಜೊತೆಗೆ ಹೊರಟರು.

ಮನೆ ಹತ್ತಿರದ ಠಾಣೆಯಲ್ಲಿ, ಗಾಡಿ ನಿಂತ ಜಾಗ ನಮಗೆ ಬರಲ್ಲ ಎಂದರು. ಜೊತೆಗೆ ಹೋಗಿದ್ದ ಸಮಿತಿಯ ಅಧ್ಯಕ್ಷೆ ಝೀರೋ ಎಫ್‌ಐಆರ್ ಮಾಡಿ ಎಂದು ಕೇಳಿದರು. ಯಾವ ಠಾಣೆಯ ವ್ಯಾಪ್ತಿಯಾದರೂ ದೂರು ದಾಖಲಿಸಿಕೊಂಡು ಆಮೇಲೆ ವರ್ಗಾಯಿಸಬೇಕು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್‌ನಲ್ಲೇ ಅದು ಇದೆ. ದಾಖಲಾಯಿತು. ಎಫ್‌ಐಆರ್ ಪ್ರತಿ ಉಚಿತವಾಗಿ ಕೈಗೆ ಬಂತು.

ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್, ಅಂದರೆ ಲೈಂಗಿಕ ಕಿರುಕುಳ, ಮತ್ತು 78ನೇ ಸೆಕ್ಷನ್, ಅಂದರೆ ಹಿಂಬಾಲಿಸಿ ಕಾಡುವುದು, ಎರಡನ್ನೂ ಹಾಕಿದರು. 78ಕ್ಕೆ ಒಂದು ಮುಖ್ಯ ಅಂಶ ಬೇಕು. ಮಹಿಳೆ ತನಗೆ ಇಷ್ಟವಿಲ್ಲ ಎಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಅವನು ಮತ್ತೆ ಮತ್ತೆ ಸಂಪರ್ಕಿಸಿರಬೇಕು. ಗುರುವಾರ ರಾತ್ರಿಯ ಆ ಎರಡು ಸಾಲಿನ ಮೆಸೇಜ್ ಇಲ್ಲಿ ಕೆಲಸಕ್ಕೆ ಬಂತು. ಅದರ ನಂತರ ಬಂದ ಪ್ರತಿ ಕರೆಯೂ, ಬೇರೆ ನಂಬರ್‌ನಿಂದ ಬಂದದ್ದೂ, ಬೇಡ ಎಂದ ಮೇಲೆ ಬಂದ ಕರೆ. ಆ ಮೆಸೇಜ್ ಇಲ್ಲದಿದ್ದರೆ ಕೇಸ್ ಆಗುವುದೇ ಇಲ್ಲ ಎಂದಲ್ಲ, ಫೋನ್ ಎತ್ತದೆ ಇರುವುದು, ಬ್ಲಾಕ್ ಮಾಡುವುದು ಕೂಡ ಬೇಡ ಎಂದೇ ಹೇಳುತ್ತವೆ. ಆದರೆ ಬರಹದಲ್ಲಿ ಇದ್ದರೆ ವಾದಕ್ಕೆ ಜಾಗ ಉಳಿಯುವುದಿಲ್ಲ. ಗಾಡಿ ಒಳಗೆ, ಅವನ ಎದುರು ಅದನ್ನು ಹೇಳಬೇಕಾಗಿಲ್ಲ. ಮನೆ ಸೇರಿದ ಮೇಲೆ ಕಳಿಸಿದರೆ ಸಾಕು.

ಫೋನ್ ಬಗ್ಗೆ ಒಂದು ಮಾತು. ಸ್ಕ್ರೀನ್‌ಶಾಟ್ ಇದ್ದರೆ ಮೂಲ ಚಾಟ್ ಬೇಡ ಎಂದುಕೊಳ್ಳಬೇಡಿ. ಕೋರ್ಟ್‌ಗೆ ಇಂಥ ದಾಖಲೆ ಹೋಗುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಒಂದು ಪ್ರಮಾಣಪತ್ರ ಜೊತೆಗಿರಬೇಕು, ಮೂಲ ಫೋನ್ ಇದ್ದರೆ ಆ ಕೆಲಸ ಸುಲಭ. ಬ್ಲಾಕ್ ಮಾಡುವ ಮೊದಲು ಚಾಟ್ ತೆರೆದು ಎಕ್ಸ್‌ಪೋರ್ಟ್ ಮಾಡಿ ತನ್ನದೇ ಮೇಲ್‌ಗೆ ಕಳಿಸಿಕೊಳ್ಳಬಹುದು. ಸ್ಕ್ರೀನ್‌ಶಾಟ್ ತೆಗೆಯುವಾಗ ನಂಬರ್ ಕಾಣಬೇಕು, ಬರೀ ಹೆಸರಲ್ಲ. ಹೆಸರನ್ನು ಯಾರು ಬೇಕಾದರೂ ಬದಲಾಯಿಸಿ ಸೇವ್ ಮಾಡಿಕೊಳ್ಳಬಹುದಲ್ಲ. ಪೊಲೀಸರು ಫೋನ್ ತೆಗೆದುಕೊಂಡರೆ ಬರಹದಲ್ಲಿ ರಸೀದಿ ಕೇಳಿ. ಸುಧಾ ಕೇಳಿದಳು, ಕೊಟ್ಟರು.

ಏನಾಯಿತು

ಸಮಿತಿ ಅವಧಿಯೊಳಗೆ ವರದಿ ಕೊಟ್ಟಿತು. ಕಿರುಕುಳ ಸಾಬೀತಾಗಿದೆ ಎಂದಿತು. ಚಾಲಕನನ್ನು ವೆಂಡರ್ ಕೆಲಸದಿಂದ ತೆಗೆದ. ಗಾರ್ಡ್ ಏಜೆನ್ಸಿಯ ಒಪ್ಪಂದ ಮುಗಿಯಿತು. ಟೀಮ್ ಲೀಡ್‌ಗೆ ಬರಹದಲ್ಲಿ ಎಚ್ಚರಿಕೆ ಹೋಯಿತು. ನನ್ನ ಪ್ರಕಾರ ಅದು ಕಡಿಮೆಯಾಯಿತು. ಬಾಯಿಮಾತಿನ ದೂರನ್ನು ಸಮಿತಿಗೆ ತಲುಪಿಸದೆ ಟಿಕೆಟ್ ಮಾಡಿ ಮುಗಿಸಿದ್ದರಿಂದಲೇ ಕ್ಯಾಮೆರಾ ದೃಶ್ಯ ಕಳೆದುಹೋದದ್ದು. ಉಳಿದ ಸದಸ್ಯರು ಒಪ್ಪಲಿಲ್ಲ. ನನ್ನ ಭಿನ್ನ ಅಭಿಪ್ರಾಯ ವರದಿಯಲ್ಲಿ ದಾಖಲಾಗಿದೆ.

ಸುಧಾ ರೂಟ್‌ನಿಂದ ತೆಗೆದ ಮೇಲೆ ಚಾಲಕನನ್ನು ಹಾಕಿದ್ದ ರೂಟ್‌ನಲ್ಲಿ ಇದ್ದ ಇಬ್ಬರು ಹೆಣ್ಣುಮಕ್ಕಳು ಆಮೇಲೆ ಮಾತಾಡಿದರು. ಒಬ್ಬಳು ಬರೆದುಕೊಡಲು ಒಪ್ಪಲಿಲ್ಲ. ಇನ್ನೊಬ್ಬಳು ಹೇಳಿದ್ದು ಸುಧಾ ರೂಟ್‌ಗೆ ಅವನು ಬರುವ ಮುಂಚಿನ ಘಟನೆ. ಅವನು ಹಿಂದೆ ಒಂದಷ್ಟು ದಿನ ಅವಳ ರೂಟ್‌ನಲ್ಲಿದ್ದ. ಅದು ನಡೆದು ನಾಲ್ಕು ತಿಂಗಳು ದಾಟಿತ್ತು, ಮೂರು ತಿಂಗಳ ಗಡುವು ಮುಗಿದಿತ್ತು. ಆದರೆ ಸಕಾಲದಲ್ಲಿ ಕೊಡಲು ಆಗದ ಕಾರಣ ಒಪ್ಪಿಗೆಯಾದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು, ಕಾರಣವನ್ನು ಬರೆದಿಡಬೇಕು. ಅವಳೂ ಆಗ ಟ್ರಾನ್ಸ್‌ಪೋರ್ಟ್ ಡೆಸ್ಕ್‌ಗೆ ಹೇಳಿದ್ದಳು, ಅವಳಿಗೂ ಡ್ರೈವರ್ ಬದಲಾಯಿಸಿದ್ದೇವೆ ಎಂಬ ಉತ್ತರ ಬಂದಿತ್ತು. ಆ ಮುಚ್ಚಿದ ಟಿಕೆಟ್ಟನ್ನೇ ಕಾರಣವಾಗಿ ಬರೆದು ಸಮಿತಿ ಅವಳ ದೂರು ತೆಗೆದುಕೊಂಡಿತು.

ಈಗ ಆ ಕಂಪನಿಯಲ್ಲಿ ಚಾಲಕನ ಅಥವಾ ಗಾರ್ಡ್‌ನ ವರ್ತನೆ ಬಗ್ಗೆ ಹೆಣ್ಣುಮಕ್ಕಳು ಟಿಕೆಟ್ ಹಾಕಿದರೆ ಅದು ನೇರವಾಗಿ ಸಮಿತಿಯ ಅಧ್ಯಕ್ಷೆಗೂ ಹೋಗುತ್ತದೆ, ಅವರ ಒಪ್ಪಿಗೆ ಇಲ್ಲದೆ ಮುಚ್ಚುವುದಿಲ್ಲ. ಟಿಕೆಟ್ ಬಂದ ದಿನವೇ ಕ್ಯಾಬ್ ಕ್ಯಾಮೆರಾ ದೃಶ್ಯ ಪ್ರತಿ ಮಾಡಿಡಬೇಕು ಎಂದು ವೆಂಡರ್ ಒಪ್ಪಂದದಲ್ಲಿ ಸೇರಿದೆ. ಟ್ರಿಪ್ ಶೀಟ್‌ನಲ್ಲಿ ಫೋನ್ ನಂಬರ್ ಇಲ್ಲ. ಗಾರ್ಡ್ ಕೊನೆಯ ಡ್ರಾಪ್ ಆದ ಜಾಗದಿಂದಲೇ ಆ್ಯಪ್‌ನಲ್ಲಿ ಹಾಜರಿ ಹಾಕಬೇಕು.

ಪೊಲೀಸರು ಆರೋಪಪಟ್ಟಿ ಸಲ್ಲಿಸಿದ್ದಾರೆ, ಕೇಸ್ ನಡೆಯುತ್ತಿದೆ. ಕೋರ್ಟ್ ತಾರೀಕಿಗೆ ಹೋಗುವ ದಿನ ಸುಧಾಗೆ ಸಂಬಳ ಸಹಿತ ರಜೆ ಕೊಡಬೇಕು ಎಂದು ಸಮಿತಿ ವರದಿಯಲ್ಲಿ ಸೇರಿಸಿದ್ದೆವು. ಕಂಪನಿ ಒಪ್ಪಿದೆ. ಇಲ್ಲಿಯವರೆಗೆ ಕೊಟ್ಟಿದೆ.